ಕೊಲೆಸ್ಟ್ರಾಲ್ ಮಾತ್ರೆ ಮತ್ತು ಊಟ: ಶುಗರ್ ಇರುವವರು ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಡಯಾಬಿಟಿಸ್ ಕ್ಲಿನಿಕ್‌ಗೆ ಬರುವವರಿಗಾಗಿ. ಟೋಕನ್ ಕರೆಯುವ ತನಕ ಓದಿ. ಮನೆಗೆ ಒಯ್ಯಬಹುದು. ಅಡುಗೆ ಮಾಡುವವರು ಬೇರೆಯವರಾದರೆ ಅವರಿಗೂ ಓದಲು ಕೊಡಿ.

ನನಗಿರುವುದು ಶುಗರ್. ಕೊಲೆಸ್ಟ್ರಾಲ್ ರಿಪೋರ್ಟು ನಾರ್ಮಲ್ ಉಂಟು. ಆದರೂ ಮಾತ್ರೆ ಯಾಕೆ?

ನಾವು ದಿನವೂ ಕೇಳುವ ಪ್ರಶ್ನೆ ಇದು. ಶುಗರ್ ಇರುವವರ ರಕ್ತನಾಳದ ಒಳಗೋಡೆ ಬೇಗ ಹಾಳಾಗುತ್ತದೆ. ಅಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಸೇರಿಕೊಂಡು ಗಟ್ಟಿ ಕಟ್ಟುತ್ತದೆ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಮೂಲ ಅದು. ಲ್ಯಾಬಿನ ಕಾಗದದಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿ ಎಲ್ಲರಿಗೂ ಸೇರಿಸಿ ಹಾಕಿದ್ದು, ನಿಮ್ಮ ಮಿತಿ ಅದಕ್ಕಿಂತ ಕಡಿಮೆ. ಶುಗರ್ ಇದ್ದು 40ರಿಂದ 75 ವರ್ಷದೊಳಗಿದ್ದರೆ ಎಲ್‌ಡಿಎಲ್ ಎಷ್ಟೇ ಇರಲಿ, ಸಾಮಾನ್ಯವಾಗಿ ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಬೇಕಾಗುತ್ತದೆ. ಬಿಪಿ, ಮೂತ್ರದಲ್ಲಿ ಪ್ರೋಟೀನ್, ಬೀಡಿ ಸಿಗರೇಟು ಇಂಥದ್ದೂ ಜೊತೆಗಿದ್ದರೆ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು. ಈಗಾಗಲೇ ಹೃದಯಾಘಾತವೋ ಸ್ಟೆಂಟೋ ಆಗಿದ್ದರೆ 55ಕ್ಕಿಂತ ಕೆಳಗೆ.

ರಿಪೋರ್ಟು ಓದುವುದು ಹೇಗೆ?

ಒಂದು ಲೆಕ್ಕ ನೋಡಿ. ಟೋಟಲ್ ಕೊಲೆಸ್ಟ್ರಾಲ್ 212, ಒಳ್ಳೆಯ ಕೊಲೆಸ್ಟ್ರಾಲ್ ಅಂದರೆ ಎಚ್‌ಡಿಎಲ್ 38, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 240 ಇದೆ ಅಂತಿಟ್ಟುಕೊಳ್ಳಿ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 48. 212ರಲ್ಲಿ 38 ಮತ್ತು 48 ಕಳೆದರೆ 126. ಅದು ಎಲ್‌ಡಿಎಲ್. ಮೊದಲು ನೋಡಬೇಕಾದ ಸಂಖ್ಯೆ ಅದೇ. ಟೋಟಲ್ ನೋಡಿ "212 ಅಲ್ವಾ, ಸ್ವಲ್ಪವೇ ಜಾಸ್ತಿ" ಎಂದು ಸಮಾಧಾನಪಟ್ಟರೆ ಈ 126 ಕಣ್ಣಿಗೆ ಬೀಳುವುದಿಲ್ಲ.

ಟೋಟಲ್‌ನಿಂದ ಎಚ್‌ಡಿಎಲ್ ಮಾತ್ರ ಕಳೆದರೆ 174. ಇದನ್ನು ನಾನ್-ಎಚ್‌ಡಿಎಲ್ ಅನ್ನುತ್ತಾರೆ. ಎಲ್‌ಡಿಎಲ್ ಗುರಿಗೆ 30 ಸೇರಿಸಿದರೆ ಇದರ ಗುರಿ ಸಿಗುತ್ತದೆ, ಅಂದರೆ 70ರ ಗುರಿಯವರಿಗೆ 100. ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಇದು ಹೆಚ್ಚು ನಂಬಬಹುದಾದ ಸಂಖ್ಯೆ.

ಈ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲ. ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಮೇಲಿನ ಲೆಕ್ಕ ಕೆಡುತ್ತದೆ. ಆಗ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಮಾಡಿಸುತ್ತೇವೆ.

ಮಾತ್ರೆ ಮಾಡುವ ಕೆಲಸವೇನು?

ನಮ್ಮ ಮೈಯ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ಊಟದಿಂದ ಬರುವುದಲ್ಲ, ಯಕೃತ್ತೇ ತಯಾರಿಸುವುದು. ಅಟೊರ್ವಸ್ಟ್ಯಾಟಿನ್, ರೊಸುವಸ್ಟ್ಯಾಟಿನ್ ಮಾತ್ರೆಗಳು ಆ ತಯಾರಿಯನ್ನು ತಗ್ಗಿಸುತ್ತವೆ. ಆಗ ಯಕೃತ್ತು ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ, ರಕ್ತದ ಎಲ್‌ಡಿಎಲ್ ಇಳಿಯುತ್ತದೆ. ಅಟೊರ್ವ 10–20 ಮಿಲಿಗ್ರಾಂ ಅಥವಾ ರೊಸುವ 5–10 ಮಿಲಿಗ್ರಾಂನಲ್ಲಿ ನೂರಕ್ಕೆ 30ರಿಂದ 49ರಷ್ಟು ಇಳಿಕೆ. ಅಟೊರ್ವ 40–80 ಅಥವಾ ರೊಸುವ 20–40ರಲ್ಲಿ ಅರ್ಧಕ್ಕಿಂತ ಹೆಚ್ಚು. ಮೇಲಿನ 126 ನೂರಕ್ಕೆ 40 ಇಳಿದರೆ 76ರ ಹತ್ತಿರ ಬರುತ್ತದೆ.

ಡೋಸ್ ಎರಡು ಪಟ್ಟು ಮಾಡಿದರೆ ಇಳಿಕೆ ಎರಡು ಪಟ್ಟಾಗುವುದಿಲ್ಲ, ನೂರಕ್ಕೆ ಸುಮಾರು 6ರಷ್ಟು ಮಾತ್ರ ಹೆಚ್ಚು ಸಿಗುತ್ತದೆ. ಹಾಗಾಗಿ ಗುರಿ ಮುಟ್ಟದಿದ್ದರೆ ಡೋಸ್ ಏರಿಸುತ್ತಲೇ ಹೋಗದೆ ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸುವುದುಂಟು. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುತ್ತದೆ.

ರಾತ್ರಿಯೇ ತೆಗೆದುಕೊಳ್ಳಬೇಕಾ? ಮರೆತರೆ?

ಅಟೊರ್ವ, ರೊಸುವ ಎರಡೂ ಮೈಯಲ್ಲಿ ಬಹಳ ಹೊತ್ತು ಉಳಿಯುವ ಮಾತ್ರೆಗಳು. ಬೆಳಿಗ್ಗೆಯೋ ರಾತ್ರಿಯೋ, ಊಟದ ಮೊದಲೋ ನಂತರವೋ, ನಿಮಗೆ ಮರೆಯದ ಹೊತ್ತು ಯಾವುದೋ ಅದೇ ಸರಿಯಾದ ಹೊತ್ತು. ಸಿಮ್ವಸ್ಟ್ಯಾಟಿನ್ ಆದರೆ ಮಾತ್ರ ರಾತ್ರಿ. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಒಂದೇ ಸಾಕು, ಎರಡು ನುಂಗಬೇಡಿ. ಏಕಾದಶಿಗಾಗಲಿ ರಂಜಾನ್ ಉಪವಾಸಕ್ಕಾಗಲಿ ಈ ಮಾತ್ರೆ ನಿಲ್ಲಿಸಬೇಕಾಗಿಲ್ಲ, ರಾತ್ರಿಗೆ ಬದಲಿಸಿದರೆ ಸಾಕು. ಶುಗರ್ ಮಾತ್ರೆ ಮತ್ತು ಇನ್ಸುಲಿನ್ ಲೆಕ್ಕ ಬೇರೆ, ಅದನ್ನು ಉಪವಾಸಕ್ಕೆ ಮೊದಲೇ ಬಂದು ಕೇಳಿ.

ಗ್ಯಾಸ್ಟ್ರಿಕ್‌ಗೆ ಆಂಟಾಸಿಡ್ ಸಿರಪ್ ಕುಡಿಯುವವರು ರೊಸುವ ನುಂಗಿ ಎರಡು ಗಂಟೆ ಬಿಟ್ಟು ಕುಡಿಯಿರಿ. ಒಟ್ಟಿಗೆ ಹೋದರೆ ಮಾತ್ರೆ ಪೂರ್ತಿ ಹೀರಲ್ಪಡುವುದಿಲ್ಲ.

ಮೂರು ತಿಂಗಳಲ್ಲಿ ನಾರ್ಮಲ್ ಬಂತು. ಇನ್ನು ನಿಲ್ಲಿಸಬಹುದಲ್ಲ?

ಬೇಡ. ನಾರ್ಮಲ್ ಬಂದದ್ದು ಮಾತ್ರೆಯಿಂದ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಜಾಗಕ್ಕೆ ಮರಳುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ನಮಗೆ ಅತಿ ಹೆಚ್ಚು ಚಿಂತೆ ಇರುವುದು ಈ ವಿಷಯದಲ್ಲೇ. ನೋವಿನ ಮಾತ್ರೆ ಬಿಟ್ಟರೆ ನೋವು ಮರಳಿ ಬಂದು ನೆನಪಿಸುತ್ತದೆ, ಇದು ನೆನಪಿಸುವುದಿಲ್ಲ. ಖರ್ಚೇ ಕಾರಣವಾದರೆ ಸಂಕೋಚವಿಲ್ಲದೆ ಹೇಳಿ. ಜನೌಷಧಿ ಕೇಂದ್ರದಲ್ಲಿ ಇದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ.

ಹಲ್ಲು ಕೀಳಿಸುವ ಮೊದಲು "ರಕ್ತ ತೆಳು ಮಾಡುವ ಮಾತ್ರೆ" ಎಂದು ಇದನ್ನು ನಿಲ್ಲಿಸಿ ಬರುವವರಿದ್ದಾರೆ. ಸ್ಟ್ಯಾಟಿನ್ ರಕ್ತ ತೆಳು ಮಾಡುವುದಿಲ್ಲ. ಆದರೆ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಸ್ಟ್ಯಾಟಿನ್ ಜೊತೆ ರಕ್ತ ತೆಳು ಮಾಡುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಸೇರಿರುತ್ತದೆ. ಹಲ್ಲಿನ ಡಾಕ್ಟರಿಗೆ ಮಾತ್ರೆಯ ಸ್ಟ್ರಿಪ್ಪನ್ನೇ ತೋರಿಸಿ.

ಮಗ ದುಬೈಯಿಂದ ಬೇರೆ ಮಾತ್ರೆ ತಂದಿದ್ದಾನೆ. ಅದನ್ನೂ ತೆಗೆದುಕೊಳ್ಳಲಾ?

ಮಾತ್ರೆಯ ಸ್ಟ್ರಿಪ್ಪಿನ ಮೇಲೆ ಎರಡು ಹೆಸರಿರುತ್ತದೆ. ಒಂದು ಕಂಪೆನಿ ಇಟ್ಟ ಹೆಸರು. ಇನ್ನೊಂದು ಔಷಧದ ಹೆಸರು. ಎರಡು ಸ್ಟ್ರಿಪ್ಪಿನಲ್ಲೂ ಔಷಧದ ಹೆಸರು "ಸ್ಟ್ಯಾಟಿನ್" ಎಂದು ಮುಗಿದರೆ, ನೀವು ಒಂದೇ ಬಗೆಯ ಔಷಧವನ್ನು ಎರಡು ಸಲ ನುಂಗುತ್ತಿದ್ದೀರಿ. ಎರಡನ್ನೂ ತಂದು ತೋರಿಸಿ, ಒಂದನ್ನು ಮಾತ್ರ ಉಳಿಸುತ್ತೇವೆ.

ಕೈಕಾಲು ನೋಯುತ್ತದೆ. ಮಾತ್ರೆಯಿಂದಲಾ?

ಇರಬಹುದು, ಇಲ್ಲದೆಯೂ ಇರಬಹುದು. ಮಾತ್ರೆಯಿಂದ ಬರುವ ನೋವು ಸಾಮಾನ್ಯವಾಗಿ ಎರಡೂ ಕಡೆ, ತೊಡೆ, ಮೀನಖಂಡ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ, ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ ಕಾಣಿಸುತ್ತದೆ. ಒಂದೇ ಮಂಡಿಯ ನೋವು ಹೆಚ್ಚಾಗಿ ಕೀಲಿನದ್ದು. ಪಾದ ಉರಿ, ಜೋಮು ಶುಗರ್‌ನಿಂದ ನರಕ್ಕಾದ ತೊಂದರೆ. ಇವುಗಳಿಗಾಗಿ ಈ ಮಾತ್ರೆ ಬಿಟ್ಟರೆ ಪ್ರಯೋಜನವಿಲ್ಲ.

ಅನುಮಾನವಿದ್ದರೆ ಬನ್ನಿ. ಸಿಕೆ ಎಂಬ ರಕ್ತ ಪರೀಕ್ಷೆ ಮಾಡಿಸುತ್ತೇವೆ, ಥೈರಾಯ್ಡ್ ಕೂಡ ನೋಡುತ್ತೇವೆ. ಥೈರಾಯ್ಡ್ ಕಡಿಮೆಯಾದರೆ ಸ್ನಾಯು ನೋವೂ ಬರುತ್ತದೆ, ಕೊಲೆಸ್ಟ್ರಾಲೂ ಏರುತ್ತದೆ. ಬೇಕಾದರೆ ಎರಡರಿಂದ ನಾಲ್ಕು ವಾರ ನಿಲ್ಲಿಸಿ, ಕಡಿಮೆ ಡೋಸ್‌ನಲ್ಲಿ ಅಥವಾ ದಿನ ಬಿಟ್ಟು ದಿನ ರೊಸುವ ಕೊಟ್ಟು ನೋಡುತ್ತೇವೆ. ಹೆಚ್ಚಿನವರಿಗೆ ಯಾವುದಾದರೊಂದು ಒಗ್ಗುತ್ತದೆ.

ಕಾಯಬಾರದ್ದು ಒಂದುಂಟು. ವಿಪರೀತ ಸ್ನಾಯು ನೋವು, ಏಳಲಾಗದಷ್ಟು ನಿಶ್ಶಕ್ತಿ, ಕಪ್ಪು ಚಹಾ ಬಣ್ಣದ ಮೂತ್ರ ಕಂಡರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಇದು ಬಹಳ ಅಪರೂಪ. ಬೇರೆ ಕಾಯಿಲೆಗೆ ಕ್ಲಾರಿಥ್ರೊಮೈಸಿನ್ ಅಥವಾ ಇಟ್ರಕೊನಜೋಲ್ ಕೊಟ್ಟಾಗ ಅಟೊರ್ವ, ಸಿಮ್ವ ತೆಗೆದುಕೊಳ್ಳುವವರಲ್ಲಿ ಇದರ ಅಪಾಯ ಹೆಚ್ಚು. ಇಟ್ರಕೊನಜೋಲ್ ತುರಿಕೆ, ಹುಳುಕಡ್ಡಿಗೆ ಕೊಡುವ ಕ್ಯಾಪ್ಸೂಲ್. ನಮ್ಮ ಬೆವರಿನ ಊರಲ್ಲಿ ಬಹಳ ಬಳಕೆಯಲ್ಲಿದೆ. ಚರ್ಮದ ಡಾಕ್ಟರಿಗೆ ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ತಪ್ಪದೆ ಹೇಳಿ.

ಲಿವರ್ ಹಾಳಾಗುತ್ತದಂತೆ, ಶುಗರ್ ಏರುತ್ತದಂತೆ?

ಶುಗರ್ ಅಲ್ಪ ಏರುವುದು ನಿಜ. ಎಚ್‌ಬಿಎ1ಸಿಯಲ್ಲಿ ಸರಾಸರಿ 0.1ರ ಆಸುಪಾಸು. ಹೃದಯಕ್ಕೆ ಸಿಗುವ ರಕ್ಷಣೆ ಅದಕ್ಕಿಂತ ಎಷ್ಟೋ ದೊಡ್ಡದು. ಫ್ಯಾಟಿ ಲಿವರ್ ಇದ್ದವರೂ ತೆಗೆದುಕೊಳ್ಳಬಹುದು. ಶುರುವಿನಲ್ಲಿ ಲಿವರ್ ಪರೀಕ್ಷೆ ಮಾಡಿಸುತ್ತೇವೆ, ಅದರಲ್ಲಿ ಎಎಲ್‌ಟಿ ಎಂಬ ಸಂಖ್ಯೆ ಮಿತಿಯ ಮೂರು ಪಟ್ಟು ದಾಟಿದರೆ ಮಾತ್ರ ನಿಲ್ಲಿಸಿ ಕಾರಣ ಹುಡುಕುತ್ತೇವೆ. ಮಗುವಿಗಾಗಿ ಯೋಚಿಸುತ್ತಿರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮಾತ್ರ ಕೂಡಲೇ ನಮಗೆ ತಿಳಿಸಬೇಕು. ಅವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ತೆಂಗಿನಕಾಯಿ ಬಿಡಲೇಬೇಕಾ?

ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ನಮಗೆ ಗೊತ್ತುಂಟು. ಆದ್ದರಿಂದ ಅಳತೆ ಹೇಳುತ್ತೇವೆ. ದಿನಕ್ಕೆ 1600 ಕ್ಯಾಲೊರಿ ಊಟ ಮಾಡುವವರಿಗೆ ಸ್ಯಾಚುರೇಟೆಡ್ ಕೊಬ್ಬು ಸುಮಾರು 12 ಗ್ರಾಂ ಒಳಗಿರಬೇಕು. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ ಹತ್ತಿರ ಹತ್ತಿರ ಅಷ್ಟಿರುತ್ತದೆ. ಒಂದು ಹಿಡಿ, ಅಂದರೆ 30 ಗ್ರಾಂ ಹಸಿ ತುರಿಯಲ್ಲಿ ಸುಮಾರು 9 ಗ್ರಾಂ. ಬೆಳಿಗ್ಗೆ ನೀರುದೋಸೆಗೆ ಕಾಯಿ ಚಟ್ನಿ, ಮಧ್ಯಾಹ್ನ ಗಸಿ, ಜೊತೆಗೆ ಪಲ್ಯಕ್ಕೆ ತುರಿ, ಒಗ್ಗರಣೆಗೆ ತೆಂಗಿನೆಣ್ಣೆ. ಕೂಡಿಸಿ ನೋಡಿ. "ಕೊಲೆಸ್ಟ್ರಾಲ್ ಫ್ರೀ" ಎಂದು ಬಾಟಲಿಯ ಮೇಲೆ ಬರೆದದ್ದು ಸುಳ್ಳಲ್ಲ, ಯಾವ ಸಸ್ಯದ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ಎಲ್‌ಡಿಎಲ್ ಏರಿಸುವುದು ಈ ಸ್ಯಾಚುರೇಟೆಡ್ ಕೊಬ್ಬು.

ಮಾಡಬಹುದಾದದ್ದು ಹೀಗೆ. ದಿನಕ್ಕೆ ಒಂದೇ ಅಡುಗೆಗೆ ಕಾಯಿ, ತಲೆಗೆ ಎರಡು ಸಣ್ಣ ಚಮಚ ತುರಿಯ ಲೆಕ್ಕದಲ್ಲಿ. ಉಳಿದದ್ದು ಬೋಳು ಹುಳಿ, ಸಾರು, ಮಜ್ಜಿಗೆಯ ತಂಬುಳಿ. ಮೀನಿಗೆ ಕಾಯಿ ಅರೆಯದ ಪುಳಿಮುಂಚಿ. ಗಸಿಗೆ ಕಾಯಿ ಅರ್ಧ ಮಾಡಿ, ಹುರಿದ ಕೊತ್ತಂಬರಿ ಮತ್ತು ಈರುಳ್ಳಿ ಹೆಚ್ಚು ಹಾಕಿ ಅರೆದರೆ ಮಂದವಾಗುತ್ತದೆ. ಎಲ್ಲ ಎಣ್ಣೆ ಸೇರಿ ತಲೆಗೆ ತಿಂಗಳಿಗೆ ಅರ್ಧ ಲೀಟರ್, ಅದರಲ್ಲಿ ಹೆಚ್ಚಿನದು ಶೇಂಗಾ, ಎಳ್ಳು ಅಥವಾ ಸೂರ್ಯಕಾಂತಿ. ತುಪ್ಪ ವಾರಕ್ಕೆ ಒಂದೆರಡು ಸಣ್ಣ ಚಮಚ. ಘೀ ರೋಸ್ಟ್ ಹಬ್ಬಕ್ಕಿರಲಿ.

ಮೀನು, ಮೊಟ್ಟೆ, ಸಿಗಡಿ?

ಬಂಗುಡೆ, ಭೂತಾಯಿ ವಾರಕ್ಕೆ ಎರಡು ಮೂರು ಸಲ ತಿನ್ನಿ. ಅಗ್ಗದ ಮೀನೆಂದು ಕಡೆಗಣಿಸಬೇಡಿ, ಒಮೆಗಾ-3 ಕೊಬ್ಬು ತುಂಬಿರುವುದು ಇವುಗಳಲ್ಲೇ. ಆದರೆ ರವೆ ಮೆತ್ತಿ ಎಣ್ಣೆಯಲ್ಲಿ ಮುಳುಗಿಸಿದರೆ ಲಾಭ ಹೋಯಿತು. ಸಾರು ಮಾಡಿ, ಅಥವಾ ಮಸಾಲೆ ಹಚ್ಚಿ ಕಾವಲಿಯಲ್ಲಿ ಒಂದು ಚಮಚ ಎಣ್ಣೆಗೆ ಬೇಯಿಸಿ. ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇದ್ದರೂ ಸ್ಯಾಚುರೇಟೆಡ್ ಕೊಬ್ಬು ಕಡಿಮೆ, ತಿಂಗಳಿಗೆ ಒಂದೆರಡು ಸಲ ಆಗಬಹುದು. ಮೊಟ್ಟೆಯ ಹಳದಿ ವಾರಕ್ಕೆ ಮೂರು ನಾಲ್ಕು. ಬಿಳಿ ಭಾಗಕ್ಕೆ ತೊಂದರೆಯಿಲ್ಲ.

ನನಗೆ ಟ್ರೈಗ್ಲಿಸರೈಡ್ ಮಾತ್ರ ಹೆಚ್ಚು. ನಾನು ಎಣ್ಣೆ ಮುಟ್ಟುವುದೇ ಇಲ್ಲ!

ಅದನ್ನು ಹೆಚ್ಚು ಏರಿಸುವುದು ಅನ್ನ, ಸಕ್ಕರೆ, ಮದ್ಯ, ಹತೋಟಿಯಿಲ್ಲದ ಶುಗರ್. ಕುಚ್ಚಲಕ್ಕಿ ಗಂಜಿ ಲಘು ಎಂದು ಮೂರು ಬಟ್ಟಲು ಉಣ್ಣುವವರಲ್ಲಿ ಇದನ್ನು ಬಹಳ ಕಾಣುತ್ತೇವೆ. ಒಂದು ಬಟ್ಟಲಿಗೆ ಇಳಿಸಿ. ಜೊತೆಗೆ ಬೇಯಿಸಿದ ಹೆಸರು ಅಥವಾ ಹುರುಳಿ ಒಂದು ಬಟ್ಟಲು, ಬಸಳೆ, ಹರಿವೆ, ತೊಂಡೆ, ಗುಳ್ಳ ಬದನೆ ಧಾರಾಳ. ಸಂಜೆಯ ಚಹಾಕ್ಕೆ ಬನ್ಸ್, ಗೋಳಿಬಜೆಯ ಬದಲು ಒಂದು ಹಿಡಿ ಹುರಿದ ಶೇಂಗಾ. ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಮದ್ಯ ಪೂರ್ತಿ ಬಿಡಬೇಕು, ಬೇರೆ ಮಾತ್ರೆಯೂ ಬೇಕಾಗಬಹುದು.

ಪಥ್ಯ ಸರಿಯಾಗಿ ಮಾಡಿದರೆ ಮಾತ್ರೆ ತಪ್ಪುತ್ತದಾ?

ಶುಗರ್ ಇರುವವರಲ್ಲಿ ಸಾಮಾನ್ಯವಾಗಿ ಇಲ್ಲ. ದಿನಕ್ಕೆ ಓಟ್ಸ್‌ನ ಕರಗುವ ನಾರು 3 ಗ್ರಾಂ ತಿಂದರೆ ಎಲ್‌ಡಿಎಲ್ ಇಳಿಯುವುದು ನೂರಕ್ಕೆ 5ರಷ್ಟು. ಪಥ್ಯದಿಂದ ಡೋಸ್ ಕಡಿಮೆ ಸಾಕಾಗಬಹುದು, ತೂಕ ಮತ್ತು ಶುಗರ್ ಹತೋಟಿಗೆ ಬರುತ್ತವೆ. ಮಾತ್ರೆ ಇದೆಯಲ್ಲ ಎಂದು ಏನು ಬೇಕಾದರೂ ತಿನ್ನುವುದು ಎಷ್ಟು ತಪ್ಪೋ, ಪಥ್ಯ ಇದೆಯಲ್ಲ ಎಂದು ಮಾತ್ರೆ ಬಿಡುವುದೂ ಅಷ್ಟೇ ತಪ್ಪು.

ಮುಂದಿನ ಸಲ ಏನು ತರಬೇಕು?

ಮಾತ್ರೆ ಶುರುವಾದ ಅಥವಾ ಡೋಸ್ ಬದಲಾದ 4ರಿಂದ 12 ವಾರದೊಳಗೆ ಮತ್ತೆ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆಯಾದರೂ. ಹಳೆಯ ಮತ್ತು ಹೊಸ ರಿಪೋರ್ಟು ಎರಡೂ ಬೇಕು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಕಷಾಯ ಚೂರ್ಣಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ತನ್ನಿ. ನಡುವೆ ಬಿಟ್ಟ ದಿನಗಳಿದ್ದರೆ ಎಷ್ಟೆಂದು ಹೇಳಿ. ಬೈಯುವುದಿಲ್ಲ. ಗೊತ್ತಿಲ್ಲದಿದ್ದರೆ ನಾವು ಸುಮ್ಮನೆ ಡೋಸ್ ಏರಿಸಿಬಿಡುತ್ತೇವೆ.