‘ನೀರೊಳಗಿನ ಬಾಗಿಲು’ ಕಾದಂಬರಿ: ಮುಖಪುಟ ಚಿತ್ರದ ಪ್ರಾಂಪ್ಟ್‌ಗಳು

ಒಂದು: ಕಾದಂಬರಿಯ ಮುಖಪುಟ, ನಿಲುವು ಚೌಕಟ್ಟು, ಅನುಪಾತ 2:3. ಬತ್ತಿದ ಜಲಾಶಯದ ಬಿರುಕುಬಿಟ್ಟ ನೆಲದಲ್ಲಿ ಗೋಡೆಯೇ ಇಲ್ಲದೆ ಒಂಟಿಯಾಗಿ ನಿಂತ ಮರದ ಬಾಗಿಲು. ಬುಡದಲ್ಲಿ ಒಣಗಿದ ಪಾಚಿ, ತುಕ್ಕು ಹಿಡಿದ ಚಿಲಕ, ಸಂದಿಯಿಂದ ಜಿನುಗುವ ನೀರು. ಬಾಗಿಲು ಚಿತ್ರದ ಕೆಳಗಿನ ಅರ್ಧದಲ್ಲೇ ಇರಲಿ, ತುಸು ಬಲಕ್ಕೆ. ಮೇಲಿನ ಅರ್ಧ ಪೂರ್ತಿ ಮಾಸಲು ಬೂದು ಆಕಾಶ. ಮೋಡ, ಹಕ್ಕಿ ಏನೂ ಬೇಡ, ಶೀರ್ಷಿಕೆ ಅಲ್ಲಿ ಕೂರಬೇಕು. ಎಡದಿಂದ ಇಳಿಬಿಸಿಲು, ಉದ್ದ ನೆರಳು. ಗೌಶ್ ಬಣ್ಣ, ಒರಟು ಕುಂಚ. ಚಿತ್ರದಲ್ಲಿ ಅಕ್ಷರ, ಮನುಷ್ಯರು ಬೇಡ.

ಎರಡು: ಅದೇ ಬಾಗಿಲು, ಈ ಸಲ ಕಡುಹಸಿರು ನೀರಿನಡಿ. ಮೇಲ್ಭಾಗದಲ್ಲಿ ಸಣ್ಣದಾಗಿ ಬಾಗಿಲು, ಕೆಳಗೆ ಬಿಳಿ ಅಕ್ಷರಕ್ಕೆಂದು ಬರೀ ಕತ್ತಲೆ. ಮೀನು ಬೇಡ, ಮಕ್ಕಳ ಪುಸ್ತಕದಂತೆ ಕಂಡೀತು.