ಹಿನ್ನೀರಿನಲ್ಲಿ ಬೋಟ್ ಮಗುಚಿದ ಬಗ್ಗೆ ವರದಿ

ಪೊಲೀಸ್ ಇನ್‌ಸ್ಪೆಕ್ಟರ್ ಮತ್ತು ತಹಶೀಲ್ದಾರರಿಗೆ,

ಮಾನ್ಯರೇ,

ಕಳೆದ ಭಾನುವಾರ ಸಂಜೆ ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನಲ್ಲಿ ನಮ್ಮ ಬೋಟ್ ಮಗುಚಿತು. ಯಾರ ಪ್ರಾಣಕ್ಕೂ ಅಪಾಯ ಆಗಿಲ್ಲ. ವಾಟ್ಸಾಪ್‌ನಲ್ಲಿ ಇಪ್ಪತ್ತು ಜನರನ್ನು ತುಂಬಿದ್ದರು, ಜಾಕೆಟ್ಟೇ ಇರಲಿಲ್ಲ ಅಂತ ಓಡಾಡುತ್ತಿದೆ, ಹಾಗಾಗಿ ಮೊದಲು ಲೆಕ್ಕವನ್ನೇ ಹೇಳುತ್ತೇನೆ. ಬೋಟಿಗೆ ಅನುಮತಿ ಇರುವುದು 12 ಪ್ರವಾಸಿಗರಿಗೆ. ಅವತ್ತು ಇದ್ದವರು 11. ದಾವಣಗೆರೆಯ ಒಂದು ಕುಟುಂಬದ ಆರು ಜನ (ಅದರಲ್ಲಿ ಮೂವರು ಮಕ್ಕಳು, ಒಬ್ಬರು ಅಜ್ಜಿ), ಬೆಂಗಳೂರಿನಿಂದ ಬಂದಿದ್ದ ಐವರು ಹುಡುಗರು. ಜೊತೆಗೆ ಚಾಲಕ ಮತ್ತು ಸಹಾಯಕ. ಒಟ್ಟು 13. ರಿಜಿಸ್ಟರ್ ಪುಟದ ಜೆರಾಕ್ಸ್ ಲಗತ್ತಿಸಿದ್ದೇನೆ.

4.10ಕ್ಕೆ ಬೋಟ್ ಹೊರಟಿತು. ಆಗ ಗಾಳಿ ಇರಲಿಲ್ಲ. ನಡುಗಡ್ಡೆ ಸುತ್ತಿ ವಾಪಸ್ ಬರುವಾಗ, 4.40ರ ಹೊತ್ತಿಗೆ, ಪಶ್ಚಿಮದಿಂದ ಜೋರು ಗಾಳಿ ಎದ್ದಿತು. ಏಪ್ರಿಲ್‌ನಲ್ಲಿ ಮಳೆಗೆ ಮುಂಚೆ ಬೀಸುತ್ತದಲ್ಲ, ಅದೇ. ಚಾಲಕ ಹತ್ತಿರದ ದಡದ ಕಡೆ ತಿರುಗಿಸಿದ. ಅಲ್ಲಿ ನೀರಿನಡಿ ಇದ್ದ ಮರದ ಬೊಡ್ಡೆಗೆ ಪ್ರೊಪೆಲ್ಲರ್ ಬಡಿದು ಎಂಜಿನ್ ಆಫ್ ಆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕಾಡು ಮುಳುಗಿತಲ್ಲ, ಆ ಬೊಡ್ಡೆಗಳು ಇನ್ನೂ ಹಾಗೇ ನಿಂತಿವೆ. ನೀರು ಪೂರ್ಣಮಟ್ಟ 1,819 ಅಡಿ ಇರುವಾಗ ತೊಂದರೆಯಿಲ್ಲ, ಬೇಸಿಗೆಯಲ್ಲಿ ಇಳಿದಾಗ ಅವು ನೀರಿನ ಮಟ್ಟದಿಂದ ಒಂದೆರಡು ಅಡಿ ಕೆಳಗಿರುತ್ತವೆ, ಕಾಣುವುದೂ ಇಲ್ಲ. ಎಂಜಿನ್ ನಿಂತ ಮೇಲೆ ಬೋಟ್ ಅಲೆಗೆ ಅಡ್ಡ ತಿರುಗಿತು. ಮೇಲಿನ ಟಾರ್ಪಾಲಿನ್ ಚಪ್ಪರ ಗಾಳಿ ಹಿಡಿದು ಬೋಟ್ ವಾಲಿತು, ನೀರು ಎರಚುತ್ತಿದ್ದ ಕಡೆಯಿಂದ ಮೂರ್ನಾಲ್ಕು ಜನ ಎದ್ದು ಆ ವಾಲಿದ ಕಡೆಗೇ ಸರಿದರು. ಚಾಲಕ ಕೂತ್ಕೊಳ್ಳಿ ಅಂತ ಕೂಗಿದ್ದಾನೆ. ಅಷ್ಟರಲ್ಲಿ ಮಗುಚಿತ್ತು.

ಇನ್ನು ಜಾಕೆಟ್ ವಿಷಯ. ಹತ್ತುವಾಗ 13 ಜನರಿಗೂ ಹಾಕಿಸಿದ್ದೆವು, ಮಕ್ಕಳಿಗೆ ಮಕ್ಕಳ ಸೈಜಿನದೇ. ಆದರೆ ನಡುಗಡ್ಡೆ ಹತ್ತಿರ ಫೋಟೋ ತೆಗೆಯುವಾಗ ಇಬ್ಬರು ಹುಡುಗರು ಬಕಲ್ ಬಿಚ್ಚಿದ್ದರು. ಸಹಾಯಕ ಹೇಳಿದರೆ ಸುಮ್ನೆ ನಕ್ಕರಂತೆ. ಒಬ್ಬ ಪ್ರವಾಸಿ ತಾವಾಗಿಯೇ ಕಳಿಸಿದ ವಿಡಿಯೋದಲ್ಲಿ ಇದು ಕಾಣುತ್ತದೆ, ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದೇನೆ. ನೀರಿಗೆ ಬಿದ್ದ ತಕ್ಷಣ ಆ ಇಬ್ಬರ ಜಾಕೆಟ್ ತಲೆಯ ಮೇಲಿಂದ ಕಳಚಿ ಹೋಯಿತು. ಇಬ್ಬರಿಗೂ ಈಜು ಬರುತ್ತಿರಲಿಲ್ಲ, ಬೋಟಿನ ಅಂಚು ಕೈಗೆ ಸಿಕ್ಕಿದ್ದಕ್ಕೆ ಬದುಕಿದರು.

ಸರಿಯಾಗಿ ಹಾಕಿದವರಲ್ಲಿ ಏಳು ಜನ ತೇಲಿದರು. ನಾಲ್ವರು ಮಗುಚಿದ ಬೋಟಿನ ಅಡಿ ಚಪ್ಪರದೊಳಗೆ ಸಿಕ್ಕಿಕೊಂಡರು: ಅಜ್ಜಿ, ಮಕ್ಕಳ ತಾಯಿ, ಎಂಟು ವರ್ಷದ ಹುಡುಗಿ, ಬೆಂಗಳೂರಿನ ಒಬ್ಬ ಹುಡುಗ. ಇದನ್ನು ತನಿಖೆಯಲ್ಲಿ ದಯವಿಟ್ಟು ಗಮನಿಸಬೇಕು. ಜಾಕೆಟ್ ಮೇಲಕ್ಕೆ ಎತ್ತುತ್ತದೆ, ಮೇಲೆ ಬೋಟಿದೆ, ಹೊರಗೆ ಬರಬೇಕಾದರೆ ಒಂದಿಷ್ಟು ಕೆಳಗೆ ಮುಳುಗಲೇಬೇಕು, ಜಾಕೆಟ್ ಅದಕ್ಕೆ ಬಿಡುವುದಿಲ್ಲ. ಬೋಟಿನೊಳಗೆ ಗಾಳಿ ಉಳಿದಿದ್ದರಿಂದ ಉಸಿರಾಡಲು ಆಯಿತು. ಸಹಾಯಕ ತನ್ನ ಜಾಕೆಟ್ ಬಿಚ್ಚಿ ಒಳಗೆ ಮುಳುಗಿದ, ಹುಡುಗಿಯ ಬಕಲ್ ತೆಗೆದು ಎಳೆದು ತಂದ. ಚಾಲಕ ಹೊರಗಿನಿಂದ ಚಪ್ಪರದ ಹಗ್ಗ ಚಾಕುವಿನಿಂದ ಕೊಯ್ದ, ಉಳಿದ ಮೂವರು ಅಲ್ಲಿಂದ ಬಂದರು. ಅಜ್ಜಿ ಕೊನೆಗೆ.

ದಡದಲ್ಲಿ ಬಲೆ ಬಿಚ್ಚುತ್ತಿದ್ದ ಮೀನುಗಾರರು ಎರಡು ದೋಣಿ ತಂದರು, ಹತ್ತು ನಿಮಿಷವೂ ಆಗಿರಲಿಲ್ಲ. ನಮ್ಮ ಎರಡನೇ ಬೋಟ್ ಬೇರೆ ಪ್ರವಾಸಿಗರನ್ನು ಕರೆದುಕೊಂಡು ಹೋಗಿತ್ತು, ಅವರನ್ನು ಇಳಿಸಿ ಬರುವಷ್ಟರಲ್ಲಿ 5 ಗಂಟೆ. ಅದು ಬರುವ ಮುಂಚೆಯೇ ಒಂಬತ್ತು ಜನ ದಡದಲ್ಲಿದ್ದರು, ಮೀನುಗಾರರಿಗೇ ಆ ಕ್ರೆಡಿಟ್. ನೀರಿನ ಮಧ್ಯೆ ನೆಟ್‌ವರ್ಕ್ ಇರಲಿಲ್ಲ, 108ಕ್ಕೆ ದಡದಿಂದಲೇ ಫೋನ್ ಮಾಡಿದ್ದು. ದಡದಲ್ಲಿ ರಿಜಿಸ್ಟರ್ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ 13 ಜನರೂ ಇದ್ದಾರೆ ಅಂತ ಖಾತ್ರಿ ಮಾಡಿಕೊಂಡೆವು.

ಅಜ್ಜಿ ನೀರು ಕುಡಿದಿದ್ದರು, ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಸೋಮವಾರ ಮಧ್ಯಾಹ್ನ ಕಳಿಸಿದ್ದಾರೆ. ಒಬ್ಬ ಹುಡುಗನ ಭುಜ ಜಾರಿದೆ. ಉಳಿದವರಿಗೆ ತರಚಿದ ಗಾಯ ಅಷ್ಟೇ. ಆಸ್ಪತ್ರೆ ಬಿಲ್ ನಾವು ಕಟ್ಟಿದ್ದೇವೆ, ಟಿಕೆಟ್ ಹಣವೂ ವಾಪಸ್ ಕೊಟ್ಟಿದ್ದೇವೆ. ನಾಲ್ಕು ಫೋನ್, ಒಂದು ಕ್ಯಾಮೆರಾ ಸಿಕ್ಕಿಲ್ಲ.

ಸವಾರಿ ಭಾನುವಾರದಿಂದಲೇ ನಿಲ್ಲಿಸಿದ್ದೇವೆ. ಎರಡೂ ಬೋಟಿನ ಚಪ್ಪರ ತೆಗೆಸುತ್ತೇವೆ, ಬಿಸಿಲಾದರೆ ಟೋಪಿ ಹಾಕಿಕೊಳ್ಳಲಿ. ಒಂದು ಬೋಟ್ ನೀರಿನಲ್ಲಿದ್ದರೆ ಇನ್ನೊಂದು ಖಾಲಿಯಾಗಿ ದಡದಲ್ಲೇ ಇರಬೇಕು ಅಂತ ತೀರ್ಮಾನಿಸಿದ್ದೇವೆ. ಬೊಡ್ಡೆ ಇರುವ ಜಾಗಕ್ಕೆ ತೇಲುವ ಗುರುತು ಹಾಕಲು ನಮಗೆ ಅನುಮತಿ ಬೇಕು, ಖರ್ಚು ನಮ್ಮದೇ. ಮಗುಚಿದ ಬೋಟನ್ನು ದಡಕ್ಕೆ ಎಳೆದಿದ್ದೇವೆ, ಎಂಜಿನ್ ಬಿಚ್ಚಿಲ್ಲ, ಬಾಗಿದ ಪ್ರೊಪೆಲ್ಲರ್ ಹಾಗೇ ಇದೆ. ಕಳಚಿಹೋದ ಎರಡು ಜಾಕೆಟ್ ಸೋಮವಾರ ಸಿಕ್ಕವು, ಬೇರೆ ಕಟ್ಟಿಟ್ಟಿದ್ದೇವೆ. ನಿಮ್ಮವರು ಬಂದು ನೋಡುವವರೆಗೆ ಯಾವುದನ್ನೂ ಮುಟ್ಟುವುದಿಲ್ಲ.

ಇಂತಿ,
ಬೋಟ್ ನಡೆಸುವ ಗುತ್ತಿಗೆದಾರ