ಚಿರೆಗಂಟೆ: ಇಲ್ಲದ ಹೂವಿನ ಚಿತ್ರಪಟಕ್ಕೆ ಮೂರು ಪ್ರಾಂಪ್ಟ್

ಮೊದಲ ಪಟ: ಇಡೀ ಗಿಡ

ಹಳೆಯ ಸಸ್ಯಶಾಸ್ತ್ರ ಪುಸ್ತಕದ ಚಿತ್ರಪಟದ ರೀತಿ. ಉದ್ದನೆಯ ಹಾಳೆ, ಅಗಲ 3 ಪಾಲು, ಎತ್ತರ 4 ಪಾಲು. ಹಾಳೆ ಕೆನೆಬಣ್ಣದ್ದು, ನುಣುಪಿಲ್ಲದ್ದು. ಸುಟ್ಟ ಅಂಚು, ಚಹಾದ ಕಲೆ, ಮಡಿಕೆಯ ಗುರುತು ಬೇಡ.

ಗಿಡದ ಹೆಸರು ಚಿರೆಗಂಟೆ. ಕುಮಟಾದ ಮೇಲಿನ ಬೋಳುಗುಡ್ಡದಲ್ಲಿ, ಚಿರೆಕಲ್ಲಿನ ಬಿರುಕಲ್ಲಿ ಆಷಾಢದ ಮಳೆಗೆ ಚಿಗುರುವ ಗಡ್ಡೆಗಿಡ. ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ, ಅದರ ಕೆಳಗೆ ಕೂದಲಿನಂಥ ಬೇರು, ಬೇರಿಗಂಟಿದ ನಾಲ್ಕೇ ನಾಲ್ಕು ಕೆಂಪು ಕಲ್ಲಿನ ಹರಳು. ಎಲೆ ಮೂರು, ಗರಿಕೆಗಿಂತ ಅಗಲ; ನರಗಳು ಬುಡದಿಂದ ತುದಿಯವರೆಗೆ ಸಮಾನಾಂತರ, ಬಲೆ ಹೆಣೆದಂತೆ ಆಗಕೂಡದು. ದಂಟಿನ ತುದಿಯಲ್ಲಿ ಒಂದು ಮೊಗ್ಗು, ಎರಡು ಅರಳಿದ ಹೂ. ಹೂ ನೆಲ ನೋಡುತ್ತ ಜೋತಿರಲಿ, ಮಳೆಗೆ ಪರಾಗ ನೆನೆಯಬಾರದು. ಎಸಳು 6, ಕೇಸರ 6.

ಗಿಡ ಹಾಳೆಯ ನಡುವಿಗಿಂತ ತುಸು ಎಡಕ್ಕೆ. ಬಲಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಬಿಡಿಭಾಗಗಳು: ಉದ್ದಕ್ಕೆ ಸೀಳಿದ ಹೂ, ಒಂಟಿ ಕೇಸರ, ಅಡ್ಡ ಕೊಯ್ದ ಅಂಡಾಶಯ. ಅಂಡಾಶಯದಲ್ಲಿ ಮೂರು ಕೋಣೆ, ಬೀಜಾಂಡಗಳು ನಡುಗಂಬಕ್ಕೆ ಅಂಟಿಕೊಂಡಿರಲಿ. ಒಂದಕ್ಕೊಂದು ತಾಗದಂತೆ ಧಾರಾಳ ಜಾಗ ಬಿಡಿ.

ಕಪ್ಪು ಶಾಯಿ, 0.1 ಮಿ.ಮೀ. ನಿಬ್ಬಿನ ಗೆರೆ. ಬೆಳಕು ಎಡ ಮೇಲಿನಿಂದ. ನೆರಳಿಗೆ ಚುಕ್ಕಿ ಮಾತ್ರ: ದಟ್ಟವಾಗಿ ಶುರುವಾಗಿ ವಿರಳವಾಗುತ್ತ ಹೋಗಲಿ. ಬಣ್ಣ ಒಂದೇ ಹೂವಿಗೆ, ನೀರು ಹೆಚ್ಚಾದ ಮುರುಗಲು ಪಾನಕದ ಬಣ್ಣ. (ಯಂತ್ರಕ್ಕೆ ಮುರುಗಲು ತಿಳಿಯದಿದ್ದರೆ ತೆಳು ಗುಲಾಬಿಗೆಂಪು ಎನ್ನಿ. ನಮ್ಮೂರ ರುಚಿ ಅದರಲ್ಲಿಲ್ಲ, ಆದರೂ ಕೆಲಸ ಆಗುತ್ತದೆ.) ಅಕ್ಷರ, ಅಂಕಿ, ಸಹಿ ಯಾವುದೂ ಬೇಡ. ಹೆಸರನ್ನು ನಾನೇ ಕೈಯಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ‘ಕಲ್ಪಿತ’ ಎಂದೂ. ಇಲ್ಲವಾದರೆ ಯಾರಾದರೂ ಗುಡ್ಡ ಹತ್ತಿ ಹುಡುಕಿಯಾರು.

ಎರಡನೆಯ ಪಟ: ಒಣಗಿಸಿದ ಮಾದರಿ

ಅದೇ ಗಿಡ, ದೀಪಾವಳಿಯ ಹೊತ್ತಿಗೆ ಒಣಗಿದ್ದು, ಒತ್ತಿ ಚಪ್ಪಟೆ ಮಾಡಿ ಕೆನೆಬಣ್ಣದ ಹಾಳೆಗೆ ಸಣ್ಣ ಕಾಗದದ ಪಟ್ಟಿಗಳಿಂದ ಅಂಟಿಸಿದ್ದು. ದಂಟು ಹಾಳೆಗಿಂತ ಉದ್ದ, ಹಾಗಾಗಿ ಒಮ್ಮೆ ಮುರಿದು ಮಡಿಸಿದೆ. ಒಂದು ಎಲೆ ಮಗುಚಿ ಬೆನ್ನು ತೋರಿಸುತ್ತಿದೆ. ಮೇಲಿನ ಮೂಲೆಯಲ್ಲಿ ಬೀಜದ ಕಾಗದದ ಪೊಟ್ಟಣ, ಪಕ್ಕದಲ್ಲಿ ಮೂರು ಹೋಳಾಗಿ ಬಿರಿದ ಕಾಯಿ, ಎಳ್ಳಿನಷ್ಟು ಕರಿಬೀಜ. ಇದೂ ಶಾಯಿಯ ಚಿತ್ರವೇ, ಫೋಟೋ ಅಲ್ಲ. ಬಣ್ಣವಿಲ್ಲ.

ಮೂರನೆಯದು: ತಿದ್ದುಪಡಿ

(ಮೊದಲ ಸಲ ಹೂವಿಗೆ ಐದು ಎಸಳು ಬಂತು, ದಾಸವಾಳದ ತಂಗಿಯಂತೆ. ಹಾಳೆಯೂ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.)

ಉಳಿದದ್ದೆಲ್ಲ ಹಾಗೇ ಇರಲಿ. ಎಸಳನ್ನು ಮೂರು ಹೊರಗೆ, ಮೂರು ಒಳಗೆ, ಎರಡು ಸುತ್ತಾಗಿ ಬಿಡಿಸಿ. ಪ್ರತಿ ಎಸಳಿನ ಎದುರಿಗೊಂದು ಕೇಸರ. ಹಾಳೆಯನ್ನು ತಿಳಿಯಾಗಿಸಿ, ಶಾಯಿಗೆರೆ ತೆಳುವಾಗದಂತೆ ನೋಡಿಕೊಳ್ಳಿ. ಬೇರಿನ ಹರಳು ನಾಲ್ಕೇ.